ನಿಮ್ಮ ಪ್ಯಾನ್‌ನಲ್ಲಿ ಯಾರದೋ ಆದಾಯ

ದಾವಣಗೆರೆಯಲ್ಲಿರುವ ನಿವೃತ್ತ ಉಪನ್ಯಾಸಕಿಯೊಬ್ಬರ ಉದಾಹರಣೆ ಇಟ್ಟುಕೊಳ್ಳೋಣ. ವಯಸ್ಸು 64. ಪಿಂಚಣಿ, ಒಂದು ಬ್ಯಾಂಕಿನಲ್ಲಿ ಸ್ವಂತ ಠೇವಣಿ, ಒಂದು ಉಳಿತಾಯ ಖಾತೆ ಇಷ್ಟೇ ಅವರ ಆದಾಯದ ಮೂಲ. 2024-25ರ ಹಣಕಾಸು ವರ್ಷದಲ್ಲಿ ಪಿಂಚಣಿ 5,40,000 ರೂಪಾಯಿ, ಠೇವಣಿಯ ಬಡ್ಡಿ 84,000, ಉಳಿತಾಯ ಖಾತೆಯ ಬಡ್ಡಿ 3,260 ಬಂದಿದೆ. ಒಟ್ಟು 6,27,260. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ತೆರಿಗೆಗೆ ಒಳಪಡುವ ಆದಾಯ 7 ಲಕ್ಷದೊಳಗೇ ಉಳಿಯುತ್ತದೆ. ಆ ವರ್ಷದ ರಿಯಾಯಿತಿಯಿಂದಾಗಿ ಅವರು ಕಟ್ಟಬೇಕಾದ ತೆರಿಗೆ ಸೊನ್ನೆ.

ಆದರೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಅವರ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಲ್ಲರೂ ಎಐಎಸ್ ಎನ್ನುವ ಪಟ್ಟಿ, ಬೇರೆಯದನ್ನೇ ಹೇಳುತ್ತಿದೆ. ಅದೇ 84,000 ರೂಪಾಯಿ ಬಡ್ಡಿ ಎರಡು ಕಡೆ ಕಾಣಿಸಿಕೊಂಡಿದೆ. ಸಹಕಾರಿ ಬ್ಯಾಂಕೊಂದರಿಂದ 62,000 ರೂಪಾಯಿ ಬಡ್ಡಿ ಬಂದಿದೆ ಎಂದಿದೆ. ಅದು ಅವರ ತಾಯಿಯ ದುಡ್ಡಿನದು. ಇನ್ನೊಂದು ಸಾಲಿನಲ್ಲಿ ಯಾವುದೋ ಕಂಪನಿ 3,00,000 ರೂಪಾಯಿ ಬಾಡಿಗೆ ಕೊಟ್ಟಿದ್ದಾಗಿ ಹೇಳಿದೆ. ಅವರಿಗೆ ಬಾಡಿಗೆಗೆ ಕೊಡಲು ಕಟ್ಟಡವೇ ಇಲ್ಲ. ಇದನ್ನೆಲ್ಲ ಸರಿಯೆಂದು ಒಪ್ಪಿಕೊಂಡು ಹಾಗೇ ರಿಟರ್ನ್‌ಗೆ ಇಳಿಸಿದರೆ ಆದಾಯ 10,73,260ಕ್ಕೆ ಏರುತ್ತದೆ. ಬಾಡಿಗೆಗೆ ಸಿಗುವ ಕಡಿತಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತೆರಿಗೆ, ಸೆಸ್ ಸೇರಿ ಸುಮಾರು 51,800 ರೂಪಾಯಿ. ಹಾಗಂತ ಪಟ್ಟಿಯ ಕಡೆ ನೋಡದೆ ತಮ್ಮ ಲೆಕ್ಕವನ್ನಷ್ಟೇ ಬರೆದು ಸಲ್ಲಿಸಿದರೆ, ಇಲಾಖೆಯ ಕಂಪ್ಯೂಟರಿಗೆ 4,46,000 ರೂಪಾಯಿ ಬಚ್ಚಿಟ್ಟಂತೆ ಕಾಣುತ್ತದೆ.

ಈ ಎರಡೂ ತಾಪತ್ರಯ ಬೇಡವೆಂದರೆ ರಿಟರ್ನ್ ಸಲ್ಲಿಸುವ ಮೊದಲೇ ಪಟ್ಟಿಯ ತಪ್ಪು ಸಾಲುಗಳಿಗೆ ಉತ್ತರ ಕೊಡಬೇಕು. ಆ ಉತ್ತರ ಕೊಡುವ ಕ್ರಮ, ಅದಕ್ಕೆ ಬೇಕಾದ ಪುರಾವೆ, ಉತ್ತರ ಕೊಟ್ಟ ಮೇಲೂ ಉಳಿಯುವ ಕೆಲಸ ಇವುಗಳನ್ನು ಈ ಉಪನ್ಯಾಸಕಿಯ ಪಟ್ಟಿಯನ್ನೇ ಹಿಡಿದು ನೋಡೋಣ.

ಪಟ್ಟಿ ಬರೆದವರು ಯಾರು?

ಎಐಎಸ್ 2021ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಇದರಲ್ಲಿರುವ ಅಂಕಿಗಳನ್ನು ಇಲಾಖೆ ತಾನೇ ಲೆಕ್ಕ ಹಾಕಿ ಬರೆದಿಲ್ಲ. ಬ್ಯಾಂಕು, ಕಂಪನಿ, ಮ್ಯೂಚುವಲ್ ಫಂಡ್, ಉಪನೋಂದಣಾಧಿಕಾರಿ ಕಚೇರಿ ಮುಂತಾದವರು ನಿಮ್ಮ ಪ್ಯಾನ್ ನಮೂದಿಸಿ ಸಲ್ಲಿಸಿದ ವರದಿಗಳು ಇಲ್ಲಿ ಒಟ್ಟುಗೂಡುತ್ತವೆ. ಮುಖ್ಯವಾಗಿ ಇವು ಎರಡು ದಾರಿಯಿಂದ ಬರುತ್ತವೆ. ತೆರಿಗೆ ಮುರಿದುಕೊಂಡವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಟಿಡಿಎಸ್ ವಿವರ ಒಂದು. ಬಡ್ಡಿ, ಡಿವಿಡೆಂಡ್, ಆಸ್ತಿ ಮಾರಾಟದಂಥ ವ್ಯವಹಾರಗಳ ಬಗ್ಗೆ ವರ್ಷಕ್ಕೊಮ್ಮೆ ಕೊಡುವ ಎಸ್‌ಎಫ್‌ಟಿ ವರದಿ ಇನ್ನೊಂದು. ಮಾರ್ಚ್‌ಗೆ ಮುಗಿದ ವರ್ಷದ ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರಕ್ಕೂ ಎಸ್‌ಎಫ್‌ಟಿ ವರದಿಗೂ ಮೇ 31 ಕೊನೆಯ ದಿನ. ಹಾಗಾಗಿ ಏಪ್ರಿಲ್‌ನಲ್ಲಿ ತೆರೆದು ನೋಡಿದ ಪಟ್ಟಿ ಅರೆಬರೆ ಇರುತ್ತದೆ. ಜೂನ್ ಎರಡನೇ ವಾರದ ಹೊತ್ತಿಗೆ ನೋಡಿದರೆ ಬಹುಪಾಲು ತುಂಬಿರುತ್ತದೆ.

ವರದಿ ಮಾಡುವವರು ಒಂದಕ್ಷರ ತಪ್ಪಾಗಿ ಪ್ಯಾನ್ ಟೈಪ್ ಮಾಡಿದರೂ ಯಾರದೋ ಆದಾಯ ನಿಮ್ಮ ಹೆಸರಿಗೆ ಬಂದು ಕೂರುತ್ತದೆ. ಒಂದೇ ಬಡ್ಡಿ ಎರಡು ದಾರಿಯಿಂದಲೂ ಬಂದಾಗ ಸಾಮಾನ್ಯವಾಗಿ ಕಂಪ್ಯೂಟರೇ ಗುರುತಿಸಿ ಒಂದನ್ನು ಬಿಡುತ್ತದೆ. ಆದರೆ ಪ್ರತಿ ಸಲ ಹಾಗಾಗುತ್ತದೆಂಬ ಖಾತರಿಯಿಲ್ಲ. ಜಂಟಿ ಠೇವಣಿಯಲ್ಲಿ ದುಡ್ಡು ನಿಜವಾಗಿ ಯಾರದೆಂದು ಬ್ಯಾಂಕಿಗೆ ನೀವು ಹೇಳದೆ ತಿಳಿಯುವುದೂ ಇಲ್ಲ.

ತೆರೆಯುವ ಬಗೆ

incometax.gov.in ತಾಣದಲ್ಲಿ ಲಾಗಿನ್ ಆಗಿ `AIS` ಒತ್ತಿ ಮುಂದುವರಿದರೆ ಬೇರೊಂದು ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಹಣಕಾಸು ವರ್ಷ ಆರಿಸಿಕೊಳ್ಳಬೇಕು. ಎರಡು ಚೌಕ ಕಾಣುತ್ತವೆ. `TIS` ಎಂಬುದು ಸಾರಾಂಶ: ಬಡ್ಡಿ ಒಟ್ಟು ಇಷ್ಟು, ಬಾಡಿಗೆ ಒಟ್ಟು ಇಷ್ಟು ಎಂದು ಬಾಬತ್ತುವಾರು ಮೊತ್ತ ತೋರಿಸುತ್ತದೆ. `AIS` ಎಂಬುದು ವಿವರ. ಒಂದೊಂದು ಸಾಲನ್ನು ಬಿಡಿಸಿದರೆ ವರದಿ ಮಾಡಿದವರ ಹೆಸರು, ತ್ರೈಮಾಸಿಕ ಅಥವಾ ಖಾತೆ ಸಂಖ್ಯೆ, ಮೊತ್ತ ಸಿಗುತ್ತವೆ. ಪಿಡಿಎಫ್ ಇಳಿಸಿಕೊಂಡರೆ ಅದಕ್ಕೆ ಪಾಸ್‌ವರ್ಡ್ ಬೇಕು. ಪ್ಯಾನ್ ಅನ್ನು ಸಣ್ಣಕ್ಷರದಲ್ಲಿ ಬರೆದು, ಜಾಗ ಬಿಡದೆ ಹುಟ್ಟಿದ ದಿನ, ತಿಂಗಳು, ವರ್ಷ ಸೇರಿಸಿದರೆ ಅದೇ ಪಾಸ್‌ವರ್ಡ್.

ಈ ಪಟ್ಟಿಯ ಜತೆ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಪಾಸ್‌ಬುಕ್, ಫಾರಂ 16 ಇಟ್ಟುಕೊಂಡು ಪ್ರತಿ ಸಾಲಿಗೂ ಮೂರು ಪ್ರಶ್ನೆ ಹಾಕಬೇಕು. ಈ ದುಡ್ಡು ನನ್ನದೇ? ಮೊತ್ತ ಸರಿಯೇ? ಇದೇ ದುಡ್ಡು ಇನ್ನೊಂದು ಸಾಲಿನಲ್ಲೂ ಬಂದಿದೆಯೇ? ಯಾವ ಪ್ರಶ್ನೆಯಲ್ಲಿ ಸಾಲು ಸೋಲುತ್ತದೋ ಅದರ ಮೇಲೆ ನಿಮ್ಮ ಉತ್ತರ ನಿಂತಿದೆ.

ಪ್ರತಿ ಸಾಲಿನ ಎದುರು `Optional` ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಆಯ್ಕೆಗಳ ಪಟ್ಟಿ ಬರುತ್ತದೆ. ಸಾಮಾನ್ಯವಾಗಿ ಕಾಣುವವು ಇವು:

- `Information is correct` — ಮಾಹಿತಿ ಸರಿಯಿದೆ.
- `Information is not fully correct` — ವ್ಯವಹಾರ ನನ್ನದೇ, ಮೊತ್ತ ಅಥವಾ ವಿವರ ತಪ್ಪು.
- `Information relates to other PAN/Year` — ಇದು ಬೇರೆಯವರದು ಅಥವಾ ಬೇರೆ ವರ್ಷದ್ದು.
- `Information is duplicate / included in other displayed information` — ಇದು ಬೇರೆ ಸಾಲಿನಲ್ಲಿ ಆಗಲೇ ಬಂದಿದೆ.
- `Information is denied` — ಇದಕ್ಕೂ ನನಗೂ ಸಂಬಂಧವಿಲ್ಲ.
- `Income is not taxable` — ಬಂದದ್ದು ನಿಜ, ಆದರೆ ಇದಕ್ಕೆ ತೆರಿಗೆಯಿಲ್ಲ.

ಎಡವುವುದು ಹೆಚ್ಚಾಗಿ ಇಲ್ಲೇ. ಸಾಲು ಸ್ವಲ್ಪ ಅನುಮಾನ ಹುಟ್ಟಿಸಿದರೂ ಹಲವರು ಕಣ್ಣುಮುಚ್ಚಿ `Information is denied` ಒತ್ತಿಬಿಡುತ್ತಾರೆ. ನಿರಾಕರಣೆ ಎಂದರೆ ಆ ವ್ಯವಹಾರ ನಡೆದೇ ಇಲ್ಲ ಅಥವಾ ನನಗೆ ಅದು ಗೊತ್ತೇ ಇಲ್ಲ ಎಂದಂತೆ. ನಿಮ್ಮ ಸಹಿಯಿರುವ ಠೇವಣಿಯ ಬಗ್ಗೆ ಹಾಗೆ ಹೇಳಿದರೆ, ಬ್ಯಾಂಕು ಕಾಗದ ತೋರಿಸಿದ ದಿನ ನಿಮ್ಮ ಮಾತು ಸುಳ್ಳಾಗುತ್ತದೆ.

ಎರಡು ಸಲ ಬಂದ ಬಡ್ಡಿ

ಉಪನ್ಯಾಸಕಿಯ ಪಟ್ಟಿಗೆ ಬರೋಣ. ಅವರ ಸ್ವಂತ ಠೇವಣಿಯ 84,000 ರೂಪಾಯಿ ಟಿಡಿಎಸ್ ಭಾಗದಲ್ಲಿ ಸೆಕ್ಷನ್ 194ಎ ಅಡಿ ಒಮ್ಮೆ, ಎಸ್‌ಎಫ್‌ಟಿ ಭಾಗದಲ್ಲಿ ಇನ್ನೊಮ್ಮೆ ಇದೆ. ಮೊದಲು ನೋಡಬೇಕಾದದ್ದು ಸಾರಾಂಶದ ಪುಟವನ್ನು. ಅಲ್ಲಿ ಠೇವಣಿ ಬಡ್ಡಿಯ ಎದುರು ಈ 84,000 ಒಂದೇ ಸಲ ಸೇರಿದ್ದರೆ ಕಂಪ್ಯೂಟರ್ ಆಗಲೇ ಗುರುತಿಸಿದೆ ಎಂದರ್ಥ, ಏನೂ ಮಾಡಬೇಕಿಲ್ಲ. ಇವರ ಸಾರಾಂಶದಲ್ಲಿ ಠೇವಣಿ ಬಡ್ಡಿ 2,30,000 ಎಂದಿದೆ. ಅಂದರೆ 84,000 ಎರಡು ಸಲವೂ ಸಹಕಾರಿ ಬ್ಯಾಂಕಿನ 62,000ವೂ ಕೂಡಿಕೊಂಡಿವೆ.

ಟಿಡಿಎಸ್ ಸಾಲನ್ನು ಹಾಗೇ ಬಿಟ್ಟು ಎಸ್‌ಎಫ್‌ಟಿ ಸಾಲಿಗೆ ನಕಲು ಎಂಬ ಉತ್ತರ ಕೊಡುವುದು ಲೇಸು. ಮುರಿದ 8,400 ರೂಪಾಯಿ ತೆರಿಗೆ ಟಿಡಿಎಸ್ ಸಾಲಿಗೇ ಅಂಟಿಕೊಂಡಿದೆ. ಅದನ್ನು ವಾಪಸು ಕೇಳುವಾಗ ಅದರ ಹಿಂದಿನ ಆದಾಯವೂ ಒಪ್ಪಿಕೊಂಡಂತೆಯೇ ಇರಬೇಕು. ಪುರಾವೆಯಾಗಿ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ಸಾಕು: ಆ ಬ್ಯಾಂಕಿನ ಎಲ್ಲ ಠೇವಣಿಗಳಿಂದ ಇಡೀ ವರ್ಷಕ್ಕೆ ಬಂದ ಬಡ್ಡಿ 84,000 ಮಾತ್ರ ಎಂದು ಅದು ಹೇಳುತ್ತದೆ. ಒಂದು ಎಚ್ಚರಿಕೆ: ಎರಡು ಸಾಲುಗಳ ಮೊತ್ತ ಒಂದೇ ಎಂಬುದರಿಂದಲೇ ನಕಲು ಎಂದುಕೊಳ್ಳಬಾರದು. ಒಂದೇ ಮೊತ್ತದ ಎರಡು ಠೇವಣಿಗಳಿಗೆ ಒಂದೇ ಬಡ್ಡಿ ಬರಬಹುದು. ಖಾತೆ ಸಂಖ್ಯೆ ನೋಡಿದ ಮೇಲೇ ತೀರ್ಮಾನಿಸಬೇಕು.

ತಾಯಿಯ ಠೇವಣಿ

62,000 ರೂಪಾಯಿಯದು ಸ್ವಲ್ಪ ಸೂಕ್ಷ್ಮ. ತಾಯಿಗೆ ಓಡಾಡಲು ಆಗುವುದಿಲ್ಲವೆಂದು ಅವರ 8 ಲಕ್ಷ ರೂಪಾಯಿಯನ್ನು ಸಹಕಾರಿ ಬ್ಯಾಂಕಿನಲ್ಲಿ ಶೇ 7.75ರ ಬಡ್ಡಿಗೆ ಇಡುವಾಗ ಮಗಳ ಹೆಸರನ್ನು ಮೊದಲು ಬರೆಸಿದ್ದಾರೆ. ಬ್ಯಾಂಕು ಮೊದಲ ಹೆಸರಿನವರ ಪ್ಯಾನ್‌ಗೆ ಬಡ್ಡಿ ವರದಿ ಮಾಡಿ 6,200 ರೂಪಾಯಿ ತೆರಿಗೆ ಮುರಿದಿದೆ. ಇದು ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯ ಸಂಗತಿ.

ಇಲ್ಲಿ ಕೇಳಬೇಕಾದ ಪ್ರಶ್ನೆ ದುಡ್ಡು ಯಾರದು ಎಂಬುದು. ಹೆಸರು ಯಾರದು ಮೊದಲಿದೆ ಎಂಬುದಲ್ಲ. ತಾಯಿ ಆ ದುಡ್ಡನ್ನು ಮಗಳಿಗೆ ಕೊಟ್ಟೇಬಿಟ್ಟಿದ್ದರೆ ಬಡ್ಡಿ ಮಗಳದೇ ಆಗುತ್ತದೆ, ಆಗ ಈ ಸಾಲು ತಪ್ಪಲ್ಲ. ದುಡ್ಡು ತಾಯಿಯದಾಗಿಯೇ ಉಳಿದಿದ್ದರೆ `Information relates to other PAN/Year` ಆರಿಸಿ ತಾಯಿಯ ಪ್ಯಾನ್, ವರ್ಷ, ಮೊತ್ತ ತುಂಬಬೇಕು. ಇದಕ್ಕೆ ಪುರಾವೆ ಎಂದರೆ ದುಡ್ಡಿನ ಜಾಡು. ತಾಯಿಯ ಉಳಿತಾಯ ಖಾತೆಯಿಂದ 8 ಲಕ್ಷ ಹೊರಟ ದಿನದ ಪಾಸ್‌ಬುಕ್ ಪುಟ, ಅದೇ ದಿನಾಂಕದ ಠೇವಣಿ ರಸೀದಿ, ಬಡ್ಡಿ ತಾಯಿಯ ಖಾತೆಗೇ ಜಮೆಯಾಗುತ್ತಿರುವುದನ್ನು ತೋರಿಸುವ ಪುಟ. ಬಡ್ಡಿ ಮಗಳ ಖಾತೆಗೆ ಬಂದು ಅಲ್ಲೇ ಖರ್ಚಾಗುತ್ತಿದ್ದರೆ ವಾದ ಸಡಿಲವಾಗುತ್ತದೆ.

ಆದರೆ ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಮುರಿದುಕೊಂಡ 6,200 ರೂಪಾಯಿ ಇನ್ನೂ ಮಗಳ ಹೆಸರಿನಲ್ಲಿದೆ. ಆದಾಯ ತಾಯಿಯದೆಂದು ಹೇಳಿ ತೆರಿಗೆಯನ್ನು ಮಗಳು ವಾಪಸು ಕೇಳುವಂತಿಲ್ಲ; ಯಾರ ಆದಾಯವೋ ಅವರಿಗೇ ಆ ತೆರಿಗೆಯ ಲಾಭ. ಇದಕ್ಕೆ ಆದಾಯ ತೆರಿಗೆ ನಿಯಮ 37ಬಿಎ ದಾರಿ ಮಾಡಿದೆ. ಮಗಳು ತಾಯಿಯ ಹೆಸರು, ವಿಳಾಸ, ಪ್ಯಾನ್, ಬಡ್ಡಿಯ ವಿವರ, ಕಾರಣ ಬರೆದು ಬ್ಯಾಂಕಿಗೆ ಘೋಷಣೆ ಕೊಟ್ಟರೆ, ಬ್ಯಾಂಕು ಆ ಟಿಡಿಎಸ್ ಅನ್ನು ತಾಯಿಯ ಪ್ಯಾನ್‌ಗೆ ವರದಿ ಮಾಡಬೇಕು. ಮಗಳು ಇದನ್ನು ಠೇವಣಿ ಇಟ್ಟ ವರ್ಷವೇ ಮಾಡಿದ್ದರೆ ಈ ಪರದಾಟವೇ ಇರುತ್ತಿರಲಿಲ್ಲ.

ಈ ವರ್ಷಕ್ಕೆ ತಾಯಿ ತಮ್ಮ ರಿಟರ್ನ್‌ನಲ್ಲಿ 62,000 ಬಡ್ಡಿ ತೋರಿಸಿ, ತೆರಿಗೆ ಇನ್ನೊಬ್ಬರ ಪ್ಯಾನ್‌ನಲ್ಲಿ ಮುರಿದಿದೆ ಎಂದು ಮಗಳ ಪ್ಯಾನ್ ನಮೂದಿಸಿ ಕೇಳಬಹುದು. ಆ ಕಲಂ ಐಟಿಆರ್-1ರಲ್ಲಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ತೆರಿಗೆ ಮುರಿದ ಆದಾಯ ಇರುವವರು ಐಟಿಆರ್-1 ಬಳಸುವಂತೆಯೂ ಇಲ್ಲ; ಐಟಿಆರ್-2 ತುಂಬಬೇಕು. ಮಗಳೂ ತಮ್ಮ ರಿಟರ್ನ್‌ನಲ್ಲಿ ಆ 6,200 ತಮ್ಮದೆಂದು ಕೇಳದೆ ಬಿಡಬೇಕು. ತಾಯಿಗೆ ಬೇರೆ ಆದಾಯ ಇಲ್ಲದಿದ್ದರೆ ಅಷ್ಟೂ ಅವರಿಗೆ ವಾಪಸು ಬರುತ್ತದೆ.

ಇಲ್ಲದ ಕಟ್ಟಡದ ಬಾಡಿಗೆ

ಮೂರನೆಯದು 3,00,000 ರೂಪಾಯಿ ಬಾಡಿಗೆ, ಅದರ ಮೇಲೆ 30,000 ಟಿಡಿಎಸ್. ಇಲ್ಲಿ `Information is denied` ಎಂಬುದೇ ಸರಿಯಾದ ಉತ್ತರ. ಎಲ್ಲೋ ಒಬ್ಬ ಮಾಲೀಕರ ಪ್ಯಾನ್ ಬದಲು ಇವರ ಪ್ಯಾನ್ ಬರೆದಿರಬೇಕು.

ಇಂಥ ಸಾಲಿನಲ್ಲಿ ಒಂದು ಆಸೆಯೂ ಅಡಗಿರುತ್ತದೆ. ಬಾಡಿಗೆ ನನ್ನದಲ್ಲ ಎಂದು ಹೇಳಿ, 30,000 ಟಿಡಿಎಸ್ ಮಾತ್ರ ವಾಪಸು ಕೇಳಿದರೆ ಹೇಗೆ? ರಿಟರ್ನ್ ತೆರೆದಾಗ ಟಿಡಿಎಸ್ ಕಲಂನಲ್ಲಿ ಆ ಮೊತ್ತ ತಾನಾಗಿ ತುಂಬಿಕೊಂಡಿರುವುದರಿಂದ ಗಮನಿಸದೆ ಹಾಗೇ ಬಿಟ್ಟವರೂ ಇದೇ ಬಲೆಗೆ ಬೀಳುತ್ತಾರೆ. ಆದಾಯ ಬೇಡ, ಅದರ ತೆರಿಗೆ ಬೇಕು ಎನ್ನುವ ರಿಟರ್ನ್ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಆ ಸಾಲನ್ನು ಟಿಡಿಎಸ್ ಕಲಂನಿಂದ ತೆಗೆದುಹಾಕಲೇಬೇಕು.

ನಡೆಯದೇ ಇದ್ದುದನ್ನು ಸಾಬೀತು ಮಾಡುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಎಲ್ಲ ಖಾತೆಗಳ ಇಡೀ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡರೆ ಆ ಕಂಪನಿಯಿಂದ ಒಂದು ರೂಪಾಯಿಯೂ ಬಂದಿಲ್ಲವೆಂದು ತೋರಿಸಬಹುದು. ಅದಕ್ಕಿಂತ ಗಟ್ಟಿಯಾದ ಪುರಾವೆ ಎಂದರೆ ವರದಿ ಮಾಡಿದವರಿಗೇ ನೀವು ಬರೆದ ಪತ್ರ. ಎಐಎಸ್ ಸಾಲಿನಲ್ಲಿ ಕಂಪನಿಯ ಹೆಸರು, ತೆರಿಗೆ ಮುರಿಯುವವರಿಗೆ ಕೊಡುವ ಟ್ಯಾನ್ ಸಂಖ್ಯೆ ಎರಡೂ ಇರುತ್ತವೆ. ಇಮೇಲ್ ಉದ್ದ ಬೇಕಿಲ್ಲ:

“ನಿಮ್ಮ ಟ್ಯಾನ್‌ನಿಂದ 2024-25ನೇ ಹಣಕಾಸು ವರ್ಷದಲ್ಲಿ ನನ್ನ ಪ್ಯಾನ್‌ಗೆ ಬಾಡಿಗೆ 3,00,000 ರೂ., ಟಿಡಿಎಸ್ 30,000 ರೂ. ಎಂದು ವರದಿಯಾಗಿದೆ. ನಾನು ನಿಮಗೆ ಯಾವ ಸ್ಥಳವನ್ನೂ ಬಾಡಿಗೆಗೆ ಕೊಟ್ಟಿಲ್ಲ; ಈ ಹಣ ನನಗೆ ಬಂದಿಲ್ಲ. ದಯವಿಟ್ಟು ಪ್ಯಾನ್ ಪರಿಶೀಲಿಸಿ ಫಾರಂ 26ಕ್ಯೂಗೆ ತಿದ್ದುಪಡಿ ಸಲ್ಲಿಸಿ, ಅದರ ವಿವರ ನನಗೆ ತಿಳಿಸಿ.”

ಪತ್ರವನ್ನು ಯಾಕೆ ಬರೆಯಲೇಬೇಕೆಂದರೆ, ಎಐಎಸ್‌ನಲ್ಲಿ ನೀವು ಏನೇ ಒತ್ತಿದರೂ ಫಾರಂ 26ಎಎಸ್‌ನಲ್ಲಿರುವ ಟಿಡಿಎಸ್ ನಮೂದು ಅದರಿಂದ ಬದಲಾಗುವುದಿಲ್ಲ. ತೆರಿಗೆ ಮುರಿದವರು ತಿದ್ದುಪಡಿ ಸಲ್ಲಿಸಿದರೆ ಮಾತ್ರ ಅದು ಸರಿಯಾಗುತ್ತದೆ. ಕಂಪನಿಗೂ ಇದು ಬೇಕಾದದ್ದೇ. ಅವರ ನಿಜವಾದ ಮಾಲೀಕರು ತಮ್ಮ ಟಿಡಿಎಸ್ ಎಲ್ಲಿ ಹೋಯಿತೆಂದು ಕೇಳದೆ ಬಿಡುವುದಿಲ್ಲ.

ಉತ್ತರ ಕೊಟ್ಟ ಮೇಲೆ ಏನಾಗುತ್ತದೆ?

ಉತ್ತರ ಸಲ್ಲಿಸಿದ ಕೂಡಲೇ ಎಐಎಸ್‌ನಲ್ಲಿ ವರದಿಯಾದ ಮೊತ್ತದ ಪಕ್ಕದಲ್ಲಿ ನಿಮ್ಮ ತಿದ್ದಿದ ಮೊತ್ತ ಕಾಣಿಸಿಕೊಳ್ಳುತ್ತದೆ. ಹಳೆಯದು ಅಳಿಸಿಹೋಗುವುದಿಲ್ಲ, ಇಬ್ಬರ ಮಾತೂ ಅಕ್ಕಪಕ್ಕ ಉಳಿಯುತ್ತವೆ. ಸಾರಾಂಶದ ಪುಟದಲ್ಲಿ ಮಾತ್ರ ನೀವು ಒಪ್ಪಿದ ಮೊತ್ತ ಬದಲಾಗುತ್ತದೆ. ಉಪನ್ಯಾಸಕಿಯ ಠೇವಣಿ ಬಡ್ಡಿ 2,30,000ದಿಂದ 84,000ಕ್ಕೆ ಇಳಿಯುತ್ತದೆ, ಬಾಡಿಗೆ ಸೊನ್ನೆಯಾಗುತ್ತದೆ. ರಿಟರ್ನ್ ಅರ್ಜಿಯಲ್ಲಿ ಮೊದಲೇ ತುಂಬಿ ಬರುವ ಅಂಕಿಗಳು ಈ ಸಾರಾಂಶವನ್ನು ಆಧರಿಸಿದವು. ಹಾಗಾಗಿ ಉತ್ತರ ಮೊದಲು, ರಿಟರ್ನ್ ಆಮೇಲೆ ಎಂಬ ಕ್ರಮ. ಉತ್ತರ ಕೊಡುವ ಮೊದಲೇ ರಿಟರ್ನ್ ಕರಡು ತೆರೆದು ಉಳಿಸಿಟ್ಟಿದ್ದರೆ ಅದರಲ್ಲಿ ಹಳೆಯ ಅಂಕಿಯೇ ಉಳಿದಿರಬಹುದು; ಸಲ್ಲಿಸುವ ಮೊದಲು ಒಂದೊಂದನ್ನೂ ಕಣ್ಣಾಡಿಸಬೇಕು.

ಉತ್ತರಕ್ಕೆ ಸ್ವೀಕೃತಿ ಪತ್ರ ಸಿಗುತ್ತದೆ, ಅದನ್ನು ಇಳಿಸಿಟ್ಟುಕೊಳ್ಳಬೇಕು. ತಪ್ಪು ಆಯ್ಕೆ ಒತ್ತಿದ್ದು ಗೊತ್ತಾದರೆ ಮತ್ತೆ ಹೋಗಿ ಬದಲಾಯಿಸಬಹುದು.

ಮುಂದೆ ನಿಮ್ಮ ಉತ್ತರ ಖಾತರಿಗಾಗಿ ವರದಿ ಮಾಡಿದವರ ಬಳಿಗೇ ಹೋಗಬಹುದು. 2024ರ ಮೇ ತಿಂಗಳಿನಿಂದ ಅದು ಯಾವ ಹಂತದಲ್ಲಿದೆ ಎಂಬುದೂ ಎಐಎಸ್‌ನಲ್ಲಿ ಕಾಣುತ್ತದೆ: ಮೂಲಕ್ಕೆ ಕಳಿಸಲಾಗಿದೆಯೇ, ಯಾವ ದಿನ ಕಳಿಸಿದರು, ಅವರು ಯಾವ ದಿನ ಉತ್ತರಿಸಿದರು, ಏನೆಂದರು. ತಮ್ಮದೇ ತಪ್ಪೆಂದು ಅವರು ಒಪ್ಪಿದರೆ ತಿದ್ದುಪಡಿ ವಿವರ ಸಲ್ಲಿಸಬೇಕಾಗುತ್ತದೆ. ಇದಕ್ಕೆ ವಾರಗಳೇ ಹಿಡಿಯಬಹುದು. ಜೂನ್‌ನಲ್ಲಿ ಹೊರಟ ಪತ್ರಕ್ಕೂ ಗಡುವಿನ ಹಿಂದಿನ ದಿನ ಹೊರಟ ಪತ್ರಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ.

“ನಮ್ಮ ವರದಿಯೇ ಸರಿ” ಎಂದು ಅವರು ಹೇಳಿದರೆ? ನಿಮ್ಮ ರಿಟರ್ನ್ ಅಷ್ಟಕ್ಕೇ ತಪ್ಪಾಗುವುದಿಲ್ಲ. ನಿಜವಾದ ಆದಾಯವನ್ನೇ ತೋರಿಸುವುದು ನಿಮ್ಮ ಹೊಣೆ. ತಪ್ಪು ಸಾಲಿಗೆ ಹೆದರಿ ಇಲ್ಲದ ಆದಾಯಕ್ಕೆ ತೆರಿಗೆ ಕಟ್ಟಬೇಕಿಲ್ಲ. ಆದರೆ ಇಲಾಖೆ ವಿವರಣೆ ಕೇಳುವ ಸಾಧ್ಯತೆ ಆಗ ಹೆಚ್ಚು. 2021ರ ಇ-ವೆರಿಫಿಕೇಶನ್ ಯೋಜನೆಯಡಿ ಹೊಂದಿಕೆಯಾಗದ ಮಾಹಿತಿಯ ಬಗ್ಗೆ ಆನ್‌ಲೈನ್‌ನಲ್ಲೇ ನೋಟಿಸ್ ಕಳಿಸಿ ಕೇಳುತ್ತಾರೆ. ಪುರಾವೆಯ ಕೆಲಸ ಅಲ್ಲಿ. ರಿಟರ್ನ್ ಜತೆ ಯಾವ ದಾಖಲೆಯನ್ನೂ ಲಗತ್ತಿಸುವಂತಿಲ್ಲ, ಅದು ನಿಮ್ಮ ಕಡತದಲ್ಲಿ ಸಿದ್ಧವಿರಬೇಕು. ಉಪನ್ಯಾಸಕಿಯ ಕಡತದಲ್ಲಿ ಒಂದೊಂದು ತಪ್ಪು ಸಾಲಿಗೂ ಒಂದೊಂದು ಗುಂಪು: ಎಐಎಸ್ ಸಾಲಿನ ಪ್ರತಿ, ಉತ್ತರದ ಸ್ವೀಕೃತಿ, ಅದಕ್ಕೆ ಸಂಬಂಧಿಸಿದ ಪ್ರಮಾಣಪತ್ರ ಅಥವಾ ಪಾಸ್‌ಬುಕ್ ಪುಟ, ಬರೆದ ಪತ್ರ. ಹಳೆಯ ವರ್ಷಗಳ ಆದಾಯವನ್ನು ಇಲಾಖೆ ಮತ್ತೆ ಕೆದಕಬಹುದಾದ್ದರಿಂದ ಇದನ್ನು ಆರೇಳು ವರ್ಷ ಜೋಪಾನವಾಗಿಡುವುದು ಒಳ್ಳೆಯದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಿಬಿಡಬೇಕು. ತೆರಿಗೆ ಉಳಿಸಲೆಂದು ನಿಜವಾದ ಬಡ್ಡಿಯನ್ನೇ ಅಲ್ಲಗಳೆದವರಿಗೂ ಇದೇ ಖಾತರಿಯ ದಾರಿ ಎದುರಾಗುತ್ತದೆ. ಬ್ಯಾಂಕು ಒಂದು ಸಾಲಿನ ಉತ್ತರ ಕೊಟ್ಟರೆ ಸಾಕು. ಆದಾಯ ಕಡಿಮೆ ತೋರಿಸಿದ್ದಕ್ಕೆ ಆ ತೆರಿಗೆಯ ಅರ್ಧದಷ್ಟು ದಂಡ. ಸುಳ್ಳು ಹೇಳಿ ಮರೆಮಾಚಿದ್ದೆಂದು ಕಂಡುಬಂದರೆ ಎರಡು ಪಟ್ಟು. ಪಟ್ಟಿಯಲ್ಲಿ ಬಾರದ ಆದಾಯಕ್ಕೂ ವಿನಾಯಿತಿಯಿಲ್ಲ. ಮನೆಯವರೊಬ್ಬರಿಂದ ನಗದಾಗಿ ಬಂದ ಬಾಡಿಗೆ ಎಐಎಸ್‌ನಲ್ಲಿ ಕಾಣದಿದ್ದರೂ ರಿಟರ್ನ್‌ನಲ್ಲಿ ಕಾಣಲೇಬೇಕು.

ಸಲ್ಲಿಸುವ ದಿನ ಮತ್ತೊಮ್ಮೆ ಎಐಎಸ್ ಇಳಿಸಿಕೊಂಡು ನೋಡಬೇಕು. ಜೂನ್‌ನಲ್ಲಿ ಇಲ್ಲದ ಸಾಲು ಆಮೇಲೆ ಸೇರಿರಬಹುದು, ತಪ್ಪಿದ್ದ ಸಾಲು ತಿದ್ದಿ ಬಂದಿರಬಹುದು. ಸಲ್ಲಿಸಿದ ಮೇಲೆ ಹೊಸ ಸಾಲು ಬಂದು ಅದು ನಿಜವಾಗಿದ್ದರೆ, ನಿಗದಿತ ಗಡುವಿನೊಳಗೆ ರಿಟರ್ನ್ ಪರಿಷ್ಕರಿಸಲು ಅವಕಾಶವಿದೆ. ಸುಳ್ಳಾಗಿದ್ದರೆ ಮತ್ತದೇ `Optional` ಗುಂಡಿ, ಅದೇ ಮೂರು ಪ್ರಶ್ನೆ. ಉಪನ್ಯಾಸಕಿಯ ವಿಷಯದಲ್ಲಿ ಕೊನೆಯ ಲೆಕ್ಕ ಹೀಗಿದೆ: ಆದಾಯ 6,27,260, ತೆರಿಗೆ ಸೊನ್ನೆ, ತಮ್ಮ ಠೇವಣಿಯಿಂದ ಮುರಿದ 8,400 ರೂಪಾಯಿ ವಾಪಸು. ತಾಯಿಯ 6,200 ತಾಯಿಯ ಖಾತೆಗೆ. ಆ 30,000 ಮಾತ್ರ ಯಾರದೋ ಅವರಿಗೇ ಸೇರಬೇಕಾದದ್ದು.